ಅನುವಾದ ಒಪ್ಪಂದವನ್ನು ಮುಂದಿನ ವರ್ಷಕ್ಕೆ ನವೀಕರಿಸದಿರುವ ಬಗ್ಗೆ

ಕಾಸರಗೋಡು
28 ಫೆಬ್ರವರಿ 2025

ಪ್ರೀತಿಯ ಟೀಚರ್ ಅವರಿಗೆ ನಮಸ್ಕಾರಗಳು.

ಬರುವ ಮಾರ್ಚ್ 31ಕ್ಕೆ ಮುಗಿಯುವ ನಿಮ್ಮ ಮಲಯಾಳ–ಕನ್ನಡ ಅನುವಾದ ಒಪ್ಪಂದವನ್ನು ಮುಂದಿನ ವರ್ಷಕ್ಕೆ ನವೀಕರಿಸಲು ನಮ್ಮಿಂದ ಸಾಧ್ಯವಾಗುತ್ತಿಲ್ಲ. ನಿನ್ನೆ ಸಂಜೆ ಫೋನಿನಲ್ಲಿ ಈ ವಿಷಯ ತಿಳಿಸಿದಾಗ ನೀವು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲಿ, ಕಾಗದದಲ್ಲಿ ಬರೆದು ಕಳುಹಿಸಿ’ ಎಂದಿರಿ. ಕಾರಣಗಳನ್ನು ನಾನು ಫೋನಿನಲ್ಲಿ ಸರಿಯಾಗಿ ಜೋಡಿಸಿ ಹೇಳಲಿಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

2021ರ ಏಪ್ರಿಲ್‌ನಿಂದ ನಿಮಗೆ ನಾವು ಕಳುಹಿಸುತ್ತ ಬಂದ ಕೆಲಸದ ದೊಡ್ಡ ಪಾಲು ಒಂದೇ ಗ್ರಾಹಕ ಸಂಸ್ಥೆಯದು: ಸಾಲದ ಅರ್ಜಿಗಳು, ಜಾಮೀನು ಪತ್ರಗಳು, ಸದಸ್ಯರಿಗೆ ಹೋಗುವ ನೋಟೀಸುಗಳು ಮತ್ತು ವಾರ್ಷಿಕ ವರದಿ. ಈ ವರ್ಷ ಫೆಬ್ರವರಿಯವರೆಗಿನ ಹನ್ನೊಂದು ತಿಂಗಳಲ್ಲಿ ನೀವು ಅನುವಾದಿಸಿದ ಸುಮಾರು 1,92,000 ಪದಗಳಲ್ಲಿ 1,28,000 ಪದಗಳು ಅವರವೇ. ಏಪ್ರಿಲ್‌ನಿಂದ ಕನ್ನಡ ಆವೃತ್ತಿಗಳನ್ನು ಮುದ್ರಿಸುವುದಿಲ್ಲವೆಂದು ಅವರು ಈ ತಿಂಗಳ 17ರಂದು ಲಿಖಿತವಾಗಿ ತಿಳಿಸಿದ್ದಾರೆ. ಮರುಪರಿಶೀಲಿಸುವಂತೆ ನಾವು ಎರಡು ಬಾರಿ ಹೋಗಿ ಕೇಳಿಕೊಂಡೆವು. ಗಡಿಭಾಗದ ಕನ್ನಡಿಗರು ಸರ್ಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿರುವುದನ್ನೂ ನೆನಪಿಸಿದೆವು. ಆದರೆ ತಮ್ಮದು ಸರ್ಕಾರಿ ಕಚೇರಿಯಲ್ಲವೆಂದೂ, ಮುದ್ರಣದ ವೆಚ್ಚ ಇಳಿಸಲೇಬೇಕಾಗಿದೆಯೆಂದೂ ಅವರು ಉತ್ತರಿಸಿದರು. ಸಹಿ ಹಾಕುವ ಕಾಗದವನ್ನು ತನ್ನ ಭಾಷೆಯಲ್ಲಿ ಓದಿಕೊಳ್ಳುತ್ತಿದ್ದ ಸದಸ್ಯನಿಗೆ ಇದರಿಂದ ಆಗುವ ನಷ್ಟವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಉಳಿಯುವುದು ತಿಂಗಳಿಗೆ ಸುಮಾರು 6,000 ಪದಗಳ ಕೆಲಸ, ಹೆಚ್ಚಾಗಿ ಆಮಂತ್ರಣ ಪತ್ರಿಕೆಗಳು, ಕರಪತ್ರಗಳು ಮತ್ತು ಸಣ್ಣ ಪುಸ್ತಿಕೆಗಳು. ಇವುಗಳಲ್ಲಿ ಅನುವಾದ ಮತ್ತು ಪುಟವಿನ್ಯಾಸ ಒಟ್ಟೊಟ್ಟಿಗೆ, ಅನೇಕ ಸಲ ಅದೇ ದಿನ ಆಗಬೇಕಾಗುತ್ತದೆ. ಎರಡನ್ನೂ ಬಲ್ಲ ಸಂಬಳದ ಸಿಬ್ಬಂದಿಯೊಬ್ಬರು ಕಚೇರಿಯಲ್ಲೇ ಇರುವುದರಿಂದ ಈ ಕೆಲಸವನ್ನು ಅವರಿಗೆ ಒಪ್ಪಿಸಲು ತೀರ್ಮಾನಿಸಿದ್ದೇವೆ. ಇಷ್ಟನ್ನೇ ಇಟ್ಟುಕೊಂಡು ನಿಮ್ಮ ಒಪ್ಪಂದವನ್ನು ಮುಂದುವರಿಸಬಹುದೇ ಎಂದು ನಾವು ಮೂವರು ಕುಳಿತು ಲೆಕ್ಕ ಹಾಕಿ ನೋಡಿದೆವು. ಈಗಿರುವ 15,000 ಪದಗಳ ಮಾಸಿಕ ಖಾತರಿಯನ್ನು ಕೊಡಲಾಗದೆ, ‘ಕೆಲಸ ಬಂದರೆ ಕೊಡುತ್ತೇವೆ’ ಎಂಬ ಮಾತಿನ ಮೇಲೆ ನಿಮ್ಮನ್ನು ಕಾಯಿಸಿದರೆ, ನೀವು ಬೇರೆ ಕಡೆ ಒಪ್ಪಿಕೊಳ್ಳಬಹುದಾದ ಕೆಲಸವನ್ನೂ ನಮಗಾಗಿ ಬಿಟ್ಟುಕೊಳ್ಳುತ್ತೀರಿ. ನಿಮ್ಮ ಸ್ವಭಾವ ಅಂಥದು. ಹಾಗಾಗಿ ಹೆಸರಿಗಷ್ಟೇ ಒಂದು ಒಪ್ಪಂದವನ್ನು ಉಳಿಸಿಕೊಳ್ಳುವುದು ಬೇಡವೆಂದು ನಿರ್ಧರಿಸಿದೆವು.

ನಿಮ್ಮ ಕೆಲಸದ ಗುಣಮಟ್ಟಕ್ಕೂ ಈ ನಿರ್ಧಾರಕ್ಕೂ ಯಾವ ಸಂಬಂಧವೂ ಇಲ್ಲ. ನವೆಂಬರ್‌ನಲ್ಲಿ ನಿಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಎರಡು ಕಡತಗಳು ತಡವಾದವು. ಅದು ಅಂದೇ ಮುಗಿದುಹೋದ ವಿಷಯ, ನಮ್ಮ ಚರ್ಚೆಯಲ್ಲಿ ಒಮ್ಮೆಯೂ ಬಂದಿಲ್ಲ. ನನಗೆ ನೆನಪಿರುವುದು ಬೇರೆಯೇ. ನೀವು ಬರುವ ಮೊದಲು ಬಳಕೆಯಲ್ಲಿದ್ದ ಠೇವಣಿ ಅರ್ಜಿಯಲ್ಲಿ, ಮಲಯಾಳದ ‘ಅವಕಾಶಿ’ ಎಂಬ ಪದ ‘ಅವಕಾಶ ಪಡೆದವರು’ ಎಂದಾಗಿತ್ತು. ಮಲಯಾಳದಲ್ಲಿ ಅವಕಾಶವೆಂದರೆ ಹಕ್ಕು, ಅಲ್ಲಿ ಬರಬೇಕಾದದ್ದು ‘ಹಕ್ಕುದಾರ’ ಎಂದು ನೀವು ಮೊದಲ ವಾರದಲ್ಲೇ ತೋರಿಸಿಕೊಟ್ಟಿರಿ. ‘ಅಪೇಕ್ಷ’ ಎಂಬುದು ಅರ್ಜಿ, ‘ಪ್ರಸಂಗಂ’ ಎಂಬುದು ಭಾಷಣ. ಕಿವಿಗೆ ನಮ್ಮವೇ ಎನಿಸುವ ಇಂಥ ಪದಗಳಲ್ಲೇ ಅನುವಾದಕರು ಎಡವುತ್ತಾರೆ. ತೀರಿಹೋದವರ ಠೇವಣಿ ಯಾರಿಗೆ ಸೇರಬೇಕೆಂದು ಬರೆದ ಕಾಗದದಲ್ಲಿ ಎಡವಿದರೆ ಅದರ ಪೆಟ್ಟು ಒಂದು ಮನೆಯವರಿಗೆ ಬೀಳುತ್ತದೆ. ನಾಲ್ಕು ವರ್ಷ ಅಂಥ ಒಂದು ದೂರೂ ನಮಗೆ ಬರಲಿಲ್ಲ.

ಒಂದು ವಿಷಯದಲ್ಲಿ ನಾನು ನಿಮ್ಮ ಕ್ಷಮೆ ಕೇಳಬೇಕು. ಜನವರಿಯಲ್ಲಿ ನೀವು ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು, ಕೆಲಸ ಮುಂದುವರಿಯುತ್ತದೆಯೇ ಎಂದು ಕೇಳಿದಿರಿ. ಮುಂದುವರಿಯುತ್ತದೆ ಎಂದು ನಾನು ಹೇಳಿದೆ. ಗ್ರಾಹಕ ಸಂಸ್ಥೆಯವರು ವೆಚ್ಚದ ಮಾತೆತ್ತಿದ್ದು ನನಗೆ ಆಗಲೇ ಗೊತ್ತಿತ್ತು. ಅವರು ಕನ್ನಡವನ್ನು ಪೂರ್ತಿಯಾಗಿ ಕೈಬಿಡಲಾರರು ಎಂದು ನಂಬಿದ್ದೆ. ಆ ನಂಬಿಕೆಯನ್ನು ನಿಮಗೆ ಖಚಿತ ಮಾತಿನಂತೆ ಹೇಳಬಾರದಿತ್ತು. ನನ್ನ ಮಾತಿನ ಮೇಲೆ ನೀವು ಕಂತಿನ ಹೊರೆ ಹೊತ್ತಿದ್ದೀರಿ ಎಂಬುದು ನನ್ನ ಮನಸ್ಸಿನಲ್ಲಿದೆ. ಆದ್ದರಿಂದ ಒಪ್ಪಂದದಲ್ಲಿ ಇಲ್ಲದಿದ್ದರೂ, ಏಪ್ರಿಲ್ ತಿಂಗಳಿಗೂ 15,000 ಪದಗಳ ಮೊತ್ತವಾದ 18,750 ರೂಪಾಯಿಯನ್ನು ಕೊಡಲು ಆಡಳಿತದವರನ್ನು ಒಪ್ಪಿಸಿದ್ದೇನೆ. ಅದು ವಿಷುವಿಗೆ ಮೊದಲು ನಿಮ್ಮ ಖಾತೆಗೆ ಬರುತ್ತದೆ.

ಇನ್ನು ಹಣಕಾಸಿನ ಉಳಿದ ವಿವರ. ಫೆಬ್ರವರಿಯ 17,640 ಪದಗಳಿಗೆ, ಪದವೊಂದಕ್ಕೆ 1.25 ರೂಪಾಯಿಯಂತೆ, 22,050 ರೂಪಾಯಿ ಆಗುತ್ತದೆ. ಶೇಕಡಾ 10ರ ಟಿಡಿಎಸ್ ಕಳೆದು 19,845 ರೂಪಾಯಿಯನ್ನು ಮಾರ್ಚ್ 7ರೊಳಗೆ ಪಾವತಿಸುತ್ತೇವೆ. ಮಾರ್ಚ್‌ನಲ್ಲಿ ಕೆಲಸ ಕಡಿಮೆ ಬಂದರೂ ಖಾತರಿಯ ಮೊತ್ತ ನಿಮ್ಮದೇ. ಕೊನೆಯ ತ್ರೈಮಾಸಿಕದ ಫಾರ್ಮ್ 16ಎ ಜೂನ್ 15ರೊಳಗೆ ನಿಮ್ಮ ಕೈಸೇರುತ್ತದೆ. ನಿಮ್ಮ ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೆ, ರಿಟರ್ನ್ ಸಲ್ಲಿಸಿದಾಗ ಕಡಿತವಾದ ಹಣ ಮರಳಿ ಬರುತ್ತದೆ. ಕಳೆದ ವರ್ಷ ನೀವು ಅದನ್ನು ಸಲ್ಲಿಸದೆ ಬಿಟ್ಟಿರೆಂದು ಹೇಳಿದ ನೆನಪು, ಈ ಬಾರಿ ದಯವಿಟ್ಟು ಬಿಡಬೇಡಿ. ನಮ್ಮ ಲೆಕ್ಕಿಗರು ಶುಲ್ಕವಿಲ್ಲದೆ ಮಾಡಿಕೊಡುತ್ತಾರೆ.

ಮಾರ್ಚ್ 15ರ ನಂತರ ಹೊಸ ಕಡತ ಕಳುಹಿಸುವುದಿಲ್ಲ. ಕೈಯಲ್ಲಿರುವ ವಾರ್ಷಿಕ ವರದಿಯ ಕರಡನ್ನು 25ರೊಳಗೆ ಕೊಟ್ಟರೆ ಸಾಕು. ನೀವು ನಾಲ್ಕು ವರ್ಷ ಕೂಡಿಸಿದ ಸುಮಾರು 1,400 ಪದಗಳ ಮಲಯಾಳ–ಕನ್ನಡ ಪದಪಟ್ಟಿ ನಿಮ್ಮ ಸ್ವಂತ ಆಸ್ತಿ. ಒಪ್ಪಂದದ ಪ್ರಕಾರ ನಮಗೆ ಸೇರುವುದು ನೀವು ಅನುವಾದಿಸಿಕೊಟ್ಟ ಕಡತಗಳು ಮಾತ್ರ. ಪದಪಟ್ಟಿಯ ಒಂದು ಪ್ರತಿಯನ್ನು ಕಚೇರಿಯ ಬಳಕೆಗೆ ಕೊಡಲು ಮನಸ್ಸಿದ್ದರೆ 10,000 ರೂಪಾಯಿ ಕೊಡುತ್ತೇವೆ. ಕೊಡಲು ಇಷ್ಟವಿಲ್ಲವೆಂದರೂ ಈ ಪತ್ರದಲ್ಲಿ ಹೇಳಿದ ಬೇರಾವ ಮಾತೂ ಬದಲಾಗದು.

ಶಿಫಾರಸು ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಒಪ್ಪಿಗೆ ಸಿಕ್ಕಿದ ದಿನವೇ ಮಂಗಳೂರಿನ ಇಬ್ಬರು ಪ್ರಕಾಶಕರಿಗೂ, ಮಲಯಾಳದ ದಾಖಲೆಗಳನ್ನು ಕನ್ನಡಕ್ಕೆ ತರಿಸಬೇಕಾಗುವ ಒಬ್ಬ ವಕೀಲರಿಗೂ ನಿಮ್ಮ ವಿಷಯ ತಿಳಿಸುತ್ತೇನೆ. ಆಸ್ತಿ ದಾಖಲೆಗಳ ಭಾಷೆ ಬಲ್ಲವರು ಅವರಿಗೆ ಸುಲಭವಾಗಿ ಸಿಗುವುದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಆಶ್ರಯದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್‌ನ ಅನುವಾದಕರ ಪಟ್ಟಿಗೂ ಹೆಸರು ಸೇರಿಸಲು ಪ್ರಯತ್ನಿಸಿ. ನಮ್ಮಲ್ಲಿ ಮತ್ತೆ ಕೆಲಸ ಬರುತ್ತದೆಂಬ ಆಸೆಯನ್ನು ಮಾತ್ರ ನಾನು ಹುಟ್ಟಿಸಲಾರೆ. ಬಂದರೆ ಮೊದಲ ಕರೆ ನಿಮಗೇ. ಆದರೆ ಅದನ್ನು ನಂಬಿ ಯಾವ ಕೆಲಸವನ್ನೂ ಬಿಡಬೇಡಿ.

ಮುಖತಃ ಮಾತನಾಡಬೇಕೆಂದು ನನಗನಿಸುತ್ತದೆ. ಅಮ್ಮನನ್ನು ಬಿಟ್ಟು ಕಾಸರಗೋಡಿಗೆ ಬಸ್ಸು ಹತ್ತುವುದು ನಿಮಗೆ ಕಷ್ಟವಾದ್ದರಿಂದ, ಮಾರ್ಚ್ 4, ಮಂಗಳವಾರ ಸಂಜೆ ನಾಲ್ಕಕ್ಕೆ ನಾನೇ ಬದಿಯಡ್ಕಕ್ಕೆ ಬರುತ್ತೇನೆ. ಆ ದಿನ ಅನುಕೂಲವಿಲ್ಲದಿದ್ದರೆ, ಅಥವಾ ಸದ್ಯಕ್ಕೆ ಮಾತು ಬೇಡವೆನಿಸಿದರೆ, ಒಂದು ಸಂದೇಶ ಕಳುಹಿಸಿ. ನೀವು ಹೇಳಿದ ದಿನ ಬರುತ್ತೇನೆ. ಪದಪಟ್ಟಿಯ ಬಗೆಗಿನ ಉತ್ತರಕ್ಕೆ ಅವಸರವಿಲ್ಲ, ಮಾರ್ಚ್ ಕೊನೆಯೊಳಗೆ ತಿಳಿಸಿದರೆ ಸಾಕು.

ಗೌರವ ಮತ್ತು ವಿಶ್ವಾಸದೊಂದಿಗೆ,

ಸಂಪಾದಕ, ಅನುವಾದ ವಿಭಾಗ

ಲಗತ್ತು: ಶಿಫಾರಸು ಪತ್ರ, ಫೆಬ್ರವರಿ ತಿಂಗಳ ಲೆಕ್ಕದ ವಿವರ