ಕೊಸರು

ಎಲ್ಲರಿಗೂ ನಮಸ್ಕಾರ. ನನಗೆ ಈ ಸ್ಟೇಜ್ ಮೇಲೆ ಒಂದೇ ನಿಮಿಷ ಕೊಟ್ಟಿದ್ದಾರೆ. ನಮ್ಮ ಗಣಪತಿ ಕಮಿಟಿಯವರ ಹತ್ತಿರ ನಾನು ಕೇಳಿದ್ದು 10 ನಿಮಿಷ. ಅವರು ಅರ್ಧ ನಿಮಿಷ ಅಂದರು. ನಾನು ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟೆ. "ಏ, ಬಾರೋ ಬಾ, ಒಂದು ತಗೋ" ಅಂದರು. ಹಾಸನದವರು ಅಲ್ವಾ, ಟೈಮಿನಲ್ಲೂ ಚೌಕಾಸಿ.

ಈ ವಿದ್ಯೆ ನನಗೆ ನಮ್ಮಮ್ಮನಿಂದ ಬಂದಿದ್ದು. ಮಂಗಳವಾರದ ಸಂತೆಗೆ ಅಮ್ಮನ ಜೊತೆ ಚೀಲ ಹಿಡಿದು ಹೋಗುವವನು ನಾನೇ. ಅಮ್ಮ ಮೊದಲು ತರಕಾರಿ ತಪಾಸಣೆ ಮಾಡುತ್ತಾಳೆ. ಬೆಂಡೆಕಾಯಿ ತುದಿ ಮುರಿಯುತ್ತಾಳೆ. ಸೋರೆಕಾಯಿಗೆ ಉಗುರು ಚುಚ್ಚುತ್ತಾಳೆ. ಬೀನ್ಸ್ ಒಂದು ಬಾಯಿಗೆ ಹಾಕಿಕೊಳ್ಳುತ್ತಾಳೆ. ರೇಟು ಕೇಳುವ ಹೊತ್ತಿಗೆ ಕಾಲು ಕೆಜಿ ಆಗಲೇ ಖರ್ಚಾಗಿರುತ್ತದೆ.

"ಬೀನ್ಸ್ ಎಷ್ಟಪ್ಪಾ?"

"60, ಅಕ್ಕ."

"30 ಮಾಡ್ಕೋ."

"ಅಸಲೂ ಗಿಟ್ಟಲ್ಲ ಅಕ್ಕ!"

20 ವರ್ಷದಿಂದ ಅವನಿಗೆ ಅಸಲು ಗಿಟ್ಟಿಲ್ಲ. ಆದರೆ ಮನೆ ಮೇಲೆ ಮನೆ ಕಟ್ಟಿದ್ದಾನೆ. ನಾವು 20 ವರ್ಷದಿಂದ ಗಿಟ್ಟಿಸಿಕೊಂಡೇ ಬಂದಿದ್ದೇವೆ. ಇನ್ನೂ ಬಾಡಿಗೆ ಮನೆ.

ಆಮೇಲೆ ಶುರುವಾಗುತ್ತದೆ ನೋಡಿ, ಆ ನಡಿಗೆ. "ಬೇಡ ಬಿಡು" ಅಂತ ಅಮ್ಮ ಹೊರಡುತ್ತಾಳೆ. ಕಾಲು ಮುಂದೆ, ಕಿವಿ ಹಿಂದೆ. ಬಸ್ಸಿಗೆ ಓಡುವವರಿಗಿಂತ ಜೋರು ನಡೆಯುವ ಹೆಂಗಸು, ಆಗ ಮದುವೆ ಹೆಣ್ಣಿನ ಹಾಗೆ ಹೆಜ್ಜೆ ಇಡುತ್ತಾಳೆ. ನಾನು ಎಣಿಸಿದ್ದೇನೆ, ನಾಲ್ಕನೇ ಹೆಜ್ಜೆಗೆ ಅವನು ಕರೆಯಲೇಬೇಕು. ಹೋದ ವಾರ ಕರೆಯಲಿಲ್ಲ. ಐದು ಆಯಿತು. ಆರು ಆಯಿತು. ಅಮ್ಮ ನಿಂತು ಚಪ್ಪಲಿ ಸರಿ ಮಾಡಿಕೊಂಡಳು. ಚಪ್ಪಲಿಗೆ ಏನೂ ಆಗಿರಲಿಲ್ಲ. ಕೊನೆಗೆ ನನ್ನ ಕಿವಿಯಲ್ಲಿ, "ಲೇ, ನೀನು ಹೋಗಿ ನೋಡು, ಸತ್ತನಾ ಬದುಕಿದಾನಾ?"

ನೋಡಿದರೆ ಅವನು ಫೋನಿನಲ್ಲಿದ್ದ. ಕೈಸನ್ನೆಯಲ್ಲೇ ಬಾ ಅಂದ. ಅಮ್ಮ ಓಡಿ ಬಂದಳು!

ಫೋನ್ ಇಟ್ಟ ಮೇಲೆ ಅವನು ಆ ಕಡೆ ಈ ಕಡೆ ನೋಡಿದ. ಬಗ್ಗಿದ. ಪಿಸುಮಾತಿನಲ್ಲಿ ಅಂದ: "ನೀವು ಹಳೇ ಗಿರಾಕಿ ಅಕ್ಕ. 40 ಕೊಡಿ. ಯಾರಿಗೂ ಹೇಳಬೇಡಿ."

ದುಡ್ಡು ಕೊಡುವವನು ನಾನು. ಅಮ್ಮನ ಪರ್ಸು ಹಾಸನಾಂಬೆ ಗುಡಿ ಬಾಗಿಲಿನ ಹಾಗೆ, ವರ್ಷಕ್ಕೊಮ್ಮೆ ತೆಗೆಯುವುದು. ಸರಿ, ಫೋನ್ ತೆಗೆದೆ, ಸ್ಕ್ಯಾನ್ ಮಾಡಿದೆ. ಅಷ್ಟೊತ್ತು ಪಿಸುಗುಟ್ಟಿದ ವ್ಯಾಪಾರ, ಪಕ್ಕದಲ್ಲಿದ್ದ ಆ ಸ್ಪೀಕರ್ ಡಬ್ಬ ಇಡೀ ಸಂತೆಗೆ ಕೂಗಿತು:

"ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ!"

ಹಿಂದೆ ಒಬ್ಬರು ಆಂಟಿ. ಆಗಷ್ಟೇ 60 ಕೊಟ್ಟು ಚೀಲ ಕಟ್ಟುತ್ತಿದ್ದರು. ಕಟ್ಟುವ ಕೈ ನಿಂತಿತು. ಅವನು ಆ ಡಬ್ಬವನ್ನು ನೋಡಿದ ನೋಟ ಇದೆಯಲ್ಲ, ಮನೆ ಗುಟ್ಟು ಬೀದಿಗೆ ಹಾಕಿದ ಅಳಿಯನನ್ನೂ ಯಾರೂ ಹಾಗೆ ನೋಡಿಲ್ಲ. "ಅದು... ಅದು ಕೊತ್ತಂಬರಿದು ಅಕ್ಕ" ಅಂದ. ಆಂಟಿ ಅಂದರು, "ಹಂಗಾದ್ರೆ ಬೀನ್ಸ್ ಅವರಿಗೆ ಫ್ರೀಯಾ?"

ನಮ್ಮಪ್ಪನ ಕಥೆ ಬೇರೆ. ಅಪ್ಪನಿಗೆ ಚೌಕಾಸಿ ಅಂದರೆ ನಾಚಿಕೆ. ಹೇಳಿದಷ್ಟು ಕೊಟ್ಟು ಬರುತ್ತಾರೆ. ಆದರೆ ಅಮ್ಮನ ಭಯ. 50 ಕೊಟ್ಟು ಟೊಮೇಟೊ ತಂದು, "ಎಷ್ಟು?" ಅಂದರೆ "25" ಅಂದುಬಿಟ್ಟರು. ಅಮ್ಮನಿಗೆ ಎಷ್ಟು ಹೆಮ್ಮೆ ಅಂದರೆ ಪಕ್ಕದ ಮನೆಗೂ ಹೇಳಿದಳು, ಎದುರು ಮನೆಗೂ ಹೇಳಿದಳು. ಈಗ ಅಪ್ಪ ಪ್ರತಿ ವಾರ ಮೂರು ಮನೆಗೆ 25ರ ಲೆಕ್ಕದಲ್ಲಿ ಟೊಮೇಟೊ ತರುತ್ತಾರೆ. ಸರ್ಕಾರ ಬಿಟ್ಟರೆ ನಮ್ಮ ಬೀದಿಯಲ್ಲಿ ಸಬ್ಸಿಡಿ ಕೊಡುತ್ತಿರುವುದು ನಮ್ಮಪ್ಪ ಒಬ್ಬರೇ.

ಅಮ್ಮ ಮಾತ್ರ ವ್ಯಾಪಾರ ಮುಗಿದ ಮೇಲೂ ಬಿಡುವುದಿಲ್ಲ. ತೂಕ ಆಯಿತು, ದುಡ್ಡು ಆಯಿತು, ಚೀಲ ಹೆಗಲಿಗೆ ಬಂತು. ಆಗ ಶುರು. "ಒಂದು ಹಿಡಿ ಕೊಸರು ಹಾಕಪ್ಪಾ." ಹಾಕಿದ. "ಕರಿಬೇವು?" ಹಾಕಿದ. "ಎರಡು ಹಸಿಮೆಣಸಿನಕಾಯಿ?" ಹಾಕಿದ. ಅವನೇ ಕೈಮುಗಿದು ಕೇಳಿದ, "ಅಕ್ಕ, ತಕ್ಕಡಿ ಬೇಕಾ?" ಅಮ್ಮ ಒಂದು ಕ್ಷಣ ಯೋಚನೆ ಮಾಡಿದಳು, ದೇವರಾಣೆ.

ಅಲ್ಲಿ ನೋಡಿ, ಕಮಿಟಿಯವರು ಆಗಿನಿಂದ ವಾಚ್ ತೋರಿಸುತ್ತಿದ್ದಾರೆ. ಅಣ್ಣಾ, ಗೊತ್ತು ಕಣಣ್ಣಾ. ನೀವು ಕೊಟ್ಟ ಒಂದು ನಿಮಿಷ ಆ ಬೀನ್ಸ್ ಹತ್ತಿರವೇ ಮುಗೀತು.

ಆಮೇಲಿಂದು ಕೊಸರು.