ಜೂನ್ 2026: ನಮ್ಮ ಕುವೆಂಪುನಗರ ಯೋಗಶಾಲೆಯ ನಾಲ್ಕು ವಾರದ ಪೋಸ್ಟ್ ಪ್ಲಾನ್

ಪುಟ್ಟಿ, ಇದನ್ನ ಪ್ರಿಂಟ್ ತೆಗ್ದು ಶೂ ರ‍್ಯಾಕ್ ಮೇಲಿನ ಗೋಡೆಗೆ ಅಂಟಿಸ್ಬಿಡು. ಹೋದ ತಿಂಗಳು ಬರೀ ಆಫರ್ ಆಫರ್ ಅಂತ ಹಾಕಿ ಹಾಕಿ ಜನ ನಮ್ಮ ಸ್ಟೇಟಸ್ ನೋಡೋದೇ ಬಿಟ್ರು, ಅದಕ್ಕೆ ಈ ಸಲ ಆಫರ್ ಎರಡೇ, ಮಿಕ್ಕಿದ್ದೆಲ್ಲ ಕಲಿಸೋದು ಮತ್ತೆ ನಮ್ಮವರ ಕಥೆ. ಇನ್‌ಸ್ಟಾದಲ್ಲಿ ಬೆಳಿಗ್ಗೆ 8ಕ್ಕೆ ಹಾಕು, ಅದನ್ನೇ ವಾಟ್ಸಾಪ್ ಸ್ಟೇಟಸ್‌ಗೂ.

ಮೊದಲನೇ ವಾರ

1, ಸೋಮವಾರ (ಕಲಿಕೆ, ಫೋಟೋ): "ಕಾಫಿ ಕುಡ್ದು ಬರಬಹುದಾ ಅಂತ ದಿನಾ ಒಬ್ರಾದ್ರೂ ಕೇಳ್ತೀರ. ಖಾಲಿ ಹೊಟ್ಟೆಲಿ ಬಂದ್ರೆ ಒಳ್ಳೇದು, ಹೊಟ್ಟೆ ತುಂಬ ಊಟ ಆಗಿದ್ರೆ ಮೂರು ಗಂಟೆ ಆದ್ರೂ ಬಿಡಿ. ಶುಗರ್‌ಗೆ ಮಾತ್ರೆ ತಗೊಳೋರು ಮಾತ್ರ ಖಾಲಿ ಹೊಟ್ಟೆ ಅಂತ ಹಠ ಮಾಡ್ಬೇಡಿ, ಡಾಕ್ಟರ್‌ನ ಕೇಳಿ."

3, ಬುಧವಾರ (ಆಫರ್): ಸ್ಕೂಲು ಶುರುವಾಗಿದೆ, ಮಕ್ಕಳನ್ನ ಬಿಟ್ಟು ಬರೋ ಅಮ್ಮಂದಿರಿಗೆ ಹತ್ತೂವರೆ ಬ್ಯಾಚ್ ಖಾಲಿ ಇದ್ಯಲ್ಲ. "ವ್ಯಾನ್ ಹತ್ತಿಸಿದ ಮೇಲೆ ಒಂದು ಗಂಟೆ ನಿಮ್ದು. 10.30ರ ಬ್ಯಾಚ್, ತಿಂಗಳಿಗೆ 1200. 10ನೇ ತಾರೀಖಿನೊಳಗೆ ಸೇರಿದ್ರೆ ಅಡ್ಮಿಷನ್ 500 ಬೇಡ. ಮೊದಲ ಎರಡು ಕ್ಲಾಸ್ ಸುಮ್ನೆ ಬಂದು ನೋಡಿ, ಇಷ್ಟ ಆದ್ರೆ ಸೇರಿ."

6, ಶನಿವಾರ (ರೀಲ್, 30 ಸೆಕೆಂಡ್): ಪಾದಹಸ್ತಾಸನ. ಮಂಡಿ ಸ್ವಲ್ಪ ಬಗ್ಗಿಸಿ ಇಳಿಯೋದನ್ನೇ ತೋರಿಸು, ಕೈ ನೆಲ ಮುಟ್ಟೋದನ್ನಲ್ಲ. ನೆಲ ಮುಟ್ಟಿಸಿದ ವಿಡಿಯೋ ನೋಡಿ ಮನೇಲಿ ಜಗ್ಗಿ ಬೆನ್ನು ಹಿಡಿಸಿಕೊಂಡು ಬರ್ತಾರೆ.

ಎರಡನೇ ವಾರ

9, ಮಂಗಳವಾರ (ಕಥೆ): ಆರು ಗಂಟೆ ಬ್ಯಾಚಿನ ಟೀಚರಮ್ಮಂದು. ಅವರು ಒಪ್ಕೊಂಡಿದಾರೆ, ಹೆಸರು ಬೇಡ, ಮುಖ ಬೇಡ ಅಂದಿದಾರೆ, ಹಾಗಾಗಿ ಮಡಿಚಿಟ್ಟ ಆ ಎರಡು ಜಮಖಾನದ ಫೋಟೋ ಸಾಕು, ನೀಲಿ ಗೆರೆದು. ಅವರ ಮಾತು ಹೇಗಿದ್ಯೋ ಹಾಗೇ ಹಾಕು, ತಿದ್ದಬೇಡ:

"ಮೂವತ್ತು ವರ್ಷ ನಿಂತು ಪಾಠ ಮಾಡ್ದೋಳು ನಾನು, ನೆಲದ ಮೇಲೆ ಕೂರೋದೇ ಮರೆತು ಹೋಗಿತ್ತು. ಮೊದಲ ತಿಂಗಳು ಎರಡು ಜಮಖಾನ ಮಡಿಚಿ ಅದರ ಮೇಲೆ ಕೂತೆ, ಆಮೇಲೆ ಒಂದು, ಈಗ್ಲೂ ಕೆಲವು ದಿನ ಒಂದು ಬೇಕು. ಮೊನ್ನೆ ಮೊಮ್ಮಗನ ನಾಮಕರಣದಲ್ಲಿ ನಂಗೆ ಟೇಬಲ್ ಹಾಕಿದ್ರು, ನಾನು ಬೇಡ ಅಂದು ಪಂಕ್ತಿಲಿ ಎಲ್ಲರ ಜೊತೆ ಎಲೆ ಮುಂದೆ ಕೂತೆ. ಪಾಯಸ ಬರೋ ತನಕ ಕೂತಿದ್ದೆ."

ಇದರ ಕೆಳಗೆ ಫೀಸ್ ಗೀಸ್ ಏನೂ ಬರೀಬೇಡ ಪ್ಲೀಸ್, ಅವರು ನಂಬಿ ಹೇಳಿದ ಮಾತದು.

12, ಶುಕ್ರವಾರ (ಕಲಿಕೆ): ಮಳೆ ಮತ್ತೆ ಮ್ಯಾಟ್. "ಒದ್ದೆ ಮ್ಯಾಟ್ ಸುತ್ತಿಟ್ರೆ ವಾಸನೆ ಬರತ್ತೆ, ಕಾಲೂ ಜಾರತ್ತೆ. ಒರೆಸಿ, ನೆರಳಲ್ಲಿ ಹರಡಿ, ಆಮೇಲೆ ಸುತ್ತಿ."

ಮೂರನೇ ವಾರ

ಇದೇ ಮುಖ್ಯ ವಾರ, 21 ಯೋಗ ದಿನ, ಈ ಸಲ ಭಾನುವಾರವೇ ಬಂದಿದೆ.

15, ಸೋಮವಾರ (ಆಫರ್): "21ರ ಬೆಳಿಗ್ಗೆ 6.30ಕ್ಕೆ ನಮ್ಮ ಟೆರೇಸ್ ಮೇಲೆ ಕ್ಲಾಸ್ ಫ್ರೀ. ಮಳೆ ಬಂದ್ರೆ ಒಳಗಡೆ. 25 ಜನಕ್ಕೆ ಮಾತ್ರ ಜಾಗ, ಹೆಸರು ಮೊದಲೇ ಕೊಡಿ. ಅಪ್ಪ ಅಮ್ಮನ್ನ ಕರ್ಕೊಂಡು ಬನ್ನಿ, ಚೇರ್ ಇರತ್ತೆ."

18, ಗುರುವಾರ (ಕಲಿಕೆ, ನಾಲ್ಕು ಸ್ಲೈಡ್): ಇದು ನಮ್ಮೂರಿನ ಕಥೆ, ಮನಸ್ಸಿಟ್ಟು ಮಾಡು. "1930ರ ದಶಕ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಇಲ್ಲೇ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸ್ತಿದ್ರು." "ಅವರ ಹತ್ರ ಕಲಿತ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಗೆ ಹೋದ್ರು, ಪಟ್ಟಾಭಿ ಜೋಯಿಸ್ ಮೈಸೂರಲ್ಲೇ ಉಳಿದು ಅಷ್ಟಾಂಗ ಕಲಿಸಿದ್ರು." "ವಿಶ್ವಸಂಸ್ಥೆ 2014ರಲ್ಲಿ ಘೋಷಿಸಿ, 2015ರಿಂದ ಯೋಗ ದಿನ ನಡೀತಿದೆ. 2022ರಲ್ಲಿ ದೇಶದ ಮುಖ್ಯ ಕಾರ್ಯಕ್ರಮ ನಮ್ಮ ಅರಮನೆ ಮುಂದೆನೇ ಆಯ್ತು." ಕೊನೇ ಸ್ಲೈಡಲ್ಲಿ: "ನಿಮ್ಮ ಮನೇಲಿ ಹಳೇ ಕಾಲದ ಯೋಗದ ನೆನಪು ಯಾರಿಗಾದ್ರೂ ಇದ್ಯಾ? ಅಜ್ಜ ಅಜ್ಜಿನ ಕೇಳಿ, ನಮಗೂ ಬರೀರಿ."

21, ಭಾನುವಾರ: ಲೈವ್ ಬೇಡ. ಕ್ಲಾಸ್ ಮುಗಿದ ಮೇಲೆ ಒಂದು ಗ್ರೂಪ್ ಫೋಟೋ, ಬೇಡ ಅನ್ನೋರು ಪಕ್ಕಕ್ಕೆ ನಿಲ್ಲಲಿ.

ನಾಲ್ಕನೇ ವಾರ

23, ಮಂಗಳವಾರ (ಕಥೆ): ರಿಟೈರ್ಡ್ ಬಸ್ ಡ್ರೈವರ್ ಅಂಕಲ್, ಆಡಿಯೋ ಕಳ್ಸಿದಾರೆ. ಬೆನ್ನು ನೋವು ಪೂರ್ತಿ ಹೋಯ್ತು ಅಂತ ಅವರೂ ಹೇಳಿಲ್ಲ, ನಾವೂ ಹೇಳೋದು ಬೇಡ. ಅವರಂದಿದ್ದು ಇಷ್ಟು: "ಬೆಳಿಗ್ಗೆ ಎದ್ದಾಗ ಮಂಚದ ಕಟ್ಟೆ ಹಿಡ್ಕೊಂಡು ಏಳ್ತಿದ್ದೆ, ಈಗ ಪಕ್ಕಕ್ಕೆ ತಿರುಗಿ ಕೈ ಊರಿ ಏಳ್ತೀನಿ. ಆ ತಿರುಗೋದನ್ನ ಶವಾಸನದಿಂದ ಏಳುವಾಗ ಮೇಡಂ ಹೇಳ್ಕೊಟ್ಟಿದ್ದು." ಜೊತೆಗೆ ಆ ತಿರುಗೋದನ್ನ ನೀನೇ ಮಾಡಿ ತೋರಿಸೋ ಹತ್ತು ಸೆಕೆಂಡಿನ ವಿಡಿಯೋ ಸೇರಿಸು.

26, ಶುಕ್ರವಾರ (ಕಲಿಕೆ): "ಬಿಪಿ ಜಾಸ್ತಿ ಇರೋರು ಕಪಾಲಭಾತಿ, ಶೀರ್ಷಾಸನ ಯೂಟ್ಯೂಬ್ ನೋಡಿ ಮಾಡ್ಬೇಡಿ. ಸೇರೋ ದಿನವೇ ನಮಗೆ ಹೇಳಿ, ನಿಮ್ಮ ಅಭ್ಯಾಸ ಬೇರೆ ಥರ ಮಾಡೋಣ."

28, ಭಾನುವಾರ ಪೋಸ್ಟ್ ಇಲ್ಲ. ಯಾರ್ ಯಾರು ಯಾವ ಪೋಸ್ಟ್ ನೋಡಿ ಫೋನ್ ಮಾಡಿದ್ರು ಅಂತ ಅಡ್ಮಿಷನ್ ಪುಸ್ತಕದಲ್ಲಿ ಹೆಸರಿನ ಪಕ್ಕ ಬರೆದಿಟ್ಟಿರು, ಸಂಜೆ ಕೂತು ನೋಡಿ ಜುಲೈದು ಬರೆಯೋಣ.