ಎಎಂ ಮತ್ತು ಎಫ್‌ಎಂ: ಅಲೆಯ ಯಾವ ಭಾಗದಲ್ಲಿ ಮಾತು ಅಡಗಿದೆ?

ಕಮ್ಯುನಿಕೇಷನ್ ಸಿಸ್ಟಮ್ಸ್, ಘಟಕ 2, ಸ್ಲೈಡ್ 14. ಪರದೆಯ ಬರಹ ಮತ್ತು ತರಗತಿಯ ವಿವರಣೆ

ಪರದೆಯ ಮೇಲೆ

ಮೂರು ಪಟ್ಟಿಗಳು ಒಂದರ ಕೆಳಗೊಂದು. ಮೂರಕ್ಕೂ ಒಂದೇ ಸಮಯದ ಅಕ್ಷ. 0, 0.25, 0.5, 0.75, 1 ಮಿಲಿಸೆಕೆಂಡ್‌ನಲ್ಲಿ ಮೇಲಿನಿಂದ ಕೆಳತನಕ ಚುಕ್ಕಿ ಗೆರೆ.

ಪಟ್ಟಿ 1, ಸಂದೇಶ: 1 ಕಿಲೋಹರ್ಟ್ಸ್ ಸೈನ್ ಅಲೆ

ಪಟ್ಟಿ 2, ಎಎಂ: `s(t) = Ac[1 + m·sin(2πfm·t)]·cos(2πfc·t)`
ಎತ್ತರ ಬದಲಾಗುತ್ತದೆ, ಸೊನ್ನೆ ದಾಟುವ ಅಂತರ ಬದಲಾಗುವುದಿಲ್ಲ.

ಪಟ್ಟಿ 3, ಎಫ್‌ಎಂ: `s(t) = Ac·cos[2πfc·t − β·cos(2πfm·t)]`, `β = Δf/fm`
ಸೊನ್ನೆ ದಾಟುವ ಅಂತರ ಬದಲಾಗುತ್ತದೆ, ಎತ್ತರ ಬದಲಾಗುವುದಿಲ್ಲ.

ವಿವರಣೆ

ಸೂತ್ರಗಳನ್ನು ಸದ್ಯಕ್ಕೆ ಬಿಡಿ, ಚಿತ್ರ ನೋಡಿ. ಪ್ರತಿ ಪಟ್ಟಿ ನೋಡುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಮಾತು ಎಲ್ಲಿದೆ? ಎಎಂನಲ್ಲಿ ಅದು ಅಲೆಯ ಎತ್ತರದಲ್ಲಿದೆ. ಎಫ್‌ಎಂನಲ್ಲಿ ಅಲೆ ಸೊನ್ನೆಯ ಗೆರೆಯನ್ನು ದಾಟುವ ಹೊತ್ತಿನಲ್ಲಿದೆ. ಮನೆಯ ರೇಡಿಯೊ ಯಾವಾಗ ಗರಗರ ಅನ್ನುತ್ತದೆ, ಒಂದು ಸ್ಟೇಷನ್ನಿಗೆ ಎಷ್ಟು ಜಾಗ ಬೇಕು, ರಿಸೀವರ್‌ನೊಳಗೆ ಯಾವ ಸರ್ಕ್ಯೂಟ್ ಇರಬೇಕು ಎಂಬುದೆಲ್ಲ ಈ ಒಂದು ವ್ಯತ್ಯಾಸದಿಂದ ಬರುತ್ತದೆ.

ನಾವು ಬಿಡಿಸಿರುವ ಕ್ಯಾರಿಯರ್ 20 ಕಿಲೋಹರ್ಟ್ಸ್ ಮಾತ್ರ, ಅಂದರೆ ಒಂದು ಮಿಲಿಸೆಕೆಂಡಿಗೆ 20 ಸುತ್ತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಬಿಡಿಸಲು ಹೊರಟರೆ ಅದೇ ಜಾಗದಲ್ಲಿ 612 ಸುತ್ತು ತುರುಕಬೇಕು, ಕಾಗದದ ಮೇಲೆ ಶಾಯಿ ಬಳಿದ ಹಾಗೆ ಕಾಣುತ್ತದೆ. ಎಫ್‌ಎಂ ಸ್ಥಿತಿ ಇನ್ನೂ ಕಷ್ಟ. 101.3 ಮೆಗಾಹರ್ಟ್ಸ್ ಕ್ಯಾರಿಯರ್ ಆಚೆ ಈಚೆ ಸರಿಯುವುದು ಹೆಚ್ಚೆಂದರೆ 75 ಕಿಲೋಹರ್ಟ್ಸ್, ಅಂದರೆ ಶೇ. 0.074ರಷ್ಟು. ಅದು ಕಣ್ಣಿಗೆ ಕಾಣುವುದೇ ಇಲ್ಲ. ಪಠ್ಯಪುಸ್ತಕದ ಹಿಗ್ಗಿ ಕುಗ್ಗುವ ಎಫ್‌ಎಂ ಚಿತ್ರ ಬೇಕೆಂದೇ ಅತಿಯಾಗಿ ಬಿಡಿಸಿದ್ದು. ಲ್ಯಾಬ್‌ನ ಆಸಿಲೋಸ್ಕೋಪ್‌ನಲ್ಲಿ ಹಾಗೆಯೇ ಕಾಣಲಿಲ್ಲವೆಂದು ಜನರೇಟರ್ ಕೆಟ್ಟಿದೆ ಅನ್ನಬೇಡಿ.

ಎಎಂ ಚಿತ್ರ ಬಿಡಿಸುವ ಕ್ರಮ

ಕ್ಯಾರಿಯರ್ ಎತ್ತರ 2 ವೋಲ್ಟ್, ಮಾಡ್ಯುಲೇಷನ್ ಇಂಡೆಕ್ಸ್ 0.5 ಎಂದು ತೆಗೆದುಕೊಳ್ಳಿ. ಮೊದಲು ಪೆನ್ಸಿಲ್‌ನಲ್ಲಿ ಎನ್ವಲಪ್ ಗೆರೆ ಹಾಕಿ: 0 ಮಿಲಿಸೆಕೆಂಡ್‌ನಲ್ಲಿ 2 ವೋಲ್ಟ್, 0.25ರಲ್ಲಿ 3, 0.5ರಲ್ಲಿ ಮತ್ತೆ 2, 0.75ರಲ್ಲಿ 1. ಸೊನ್ನೆಯ ಗೆರೆಯ ಕೆಳಗೆ ಅದರದೇ ಪ್ರತಿಬಿಂಬ. ಇವೆರಡರ ನಡುವೆ ಸಮ ಅಂತರದಲ್ಲಿ 20 ಸುತ್ತು ಕೂರಿಸಿ. ಎನ್ವಲಪ್ ಚುಕ್ಕಿ ಗೆರೆಯಾಗಿಯೇ ಇರಲಿ. ಅದು ತಂತಿಯಲ್ಲಿ ಹರಿಯುವ ವೋಲ್ಟೇಜ್ ಅಲ್ಲ, ತುದಿಗಳನ್ನು ಸೇರಿಸಿ ನಾವು ಎಳೆದ ಗೆರೆ ಅಷ್ಟೆ.

ಉತ್ತರ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇಲ್ಲೇ ಇದೆ. ಎತ್ತರ ಕಡಿಮೆಯಾದ ಕಡೆ ಕೈ ತಾನಾಗಿ ಸುತ್ತುಗಳನ್ನು ಒತ್ತೊತ್ತಾಗಿ ಬಿಡಿಸುತ್ತದೆ. ಆಗ ಎಎಂ ಚಿತ್ರದೊಳಗೆ ಎಫ್‌ಎಂ ನುಸುಳಿದಂತಾಯಿತು. ಸೊನ್ನೆ ದಾಟುವ ಬಿಂದುಗಳನ್ನು ಮೊದಲೇ ಅಳತೆಪಟ್ಟಿ ಇಟ್ಟು ಗುರುತು ಮಾಡಿಕೊಂಡರೆ ಈ ತಪ್ಪು ಆಗುವುದಿಲ್ಲ.

ಚಿತ್ರದಿಂದಲೇ ಇಂಡೆಕ್ಸ್ ಅಳೆಯಬಹುದು: `m = (Vmax − Vmin)/(Vmax + Vmin) = (3 − 1)/(3 + 1) = 0.5`. ಈ ಅಳತೆ `m` ಒಂದಕ್ಕಿಂತ ಕಡಿಮೆ ಅಥವಾ ಸಮ ಇರುವತನಕ ಮಾತ್ರ ಸರಿ. ಒಂದನ್ನು ದಾಟಿದರೆ ಎನ್ವಲಪ್ ಸೊನ್ನೆಯ ಕೆಳಕ್ಕೆ ಹೋಗುತ್ತದೆ, ಕ್ಯಾರಿಯರ್ ಫೇಸ್ 180 ಡಿಗ್ರಿ ತಿರುಗುತ್ತದೆ. ಡಯೋಡ್ ಡಿಟೆಕ್ಟರ್‌ಗೆ ಅದು ತಿಳಿಯುವುದಿಲ್ಲ, ಕೆಳಗಿಳಿದ ಭಾಗವನ್ನು ಮೇಲಕ್ಕೆ ಮಡಚಿ ಕೊಡುತ್ತದೆ. ರೇಡಿಯೊದಲ್ಲಿ ದನಿ ಒಡೆದು ಕೇಳುವುದು ಅದಕ್ಕೇ.

ಶಕ್ತಿಯ ಲೆಕ್ಕವೂ ಇದೇ ಚಿತ್ರದಲ್ಲಿದೆ: `Pt = Pc(1 + m²/2)`. 200 ಕಿಲೋವ್ಯಾಟ್ ಕ್ಯಾರಿಯರ್, `m = 0.5` ಎಂದಿಟ್ಟುಕೊಳ್ಳಿ. ಒಟ್ಟು 225 ಕಿಲೋವ್ಯಾಟ್. ಮಾತನ್ನು ಹೊತ್ತಿರುವ ಎರಡು ಸೈಡ್‌ಬ್ಯಾಂಡ್‌ಗಳಿಗೆ ಸೇರಿ ಸಿಕ್ಕಿದ್ದು 25 ಮಾತ್ರ. ಉಳಿದ 200ರಲ್ಲಿ ಒಂದಕ್ಷರ ಮಾತೂ ಇಲ್ಲ. ಹಾಗಾದರೆ ಕ್ಯಾರಿಯರ್ ಕಳಿಸುವುದಾದರೂ ಏಕೆ? ಲಕ್ಷಾಂತರ ಮನೆಗಳಲ್ಲಿ ಒಂದು ಡಯೋಡ್, ಒಂದು ಕೆಪಾಸಿಟರ್, ಒಂದು ರೆಸಿಸ್ಟರ್ ಇಷ್ಟರಲ್ಲೇ ದನಿ ಬಿಡಿಸಿಕೊಳ್ಳಲು ಆಗಲಿ ಎಂದು. ಖರ್ಚೆಲ್ಲ ಒಂದು ಟ್ರಾನ್ಸ್‌ಮಿಟರ್‌ನದು, ಲಾಭ ಎಲ್ಲ ರಿಸೀವರ್‌ಗಳದು. ಪ್ರಸಾರಕ್ಕೆ ಇದು ನ್ಯಾಯವಾದ ವ್ಯವಹಾರವೇ.

ಆ ಡಿಟೆಕ್ಟರ್‌ನಲ್ಲಿ `RC` ಬೆಲೆ ಗಮನಿಸಿ. ಅದು ಕ್ಯಾರಿಯರ್‌ನ ಸುತ್ತಿಗಿಂತ ತುಂಬಾ ದೊಡ್ಡದಿರಬೇಕು, ಆದರೆ ಎನ್ವಲಪ್ ಇಳಿಯುವ ವೇಗಕ್ಕೆ ಹಿಂದೆ ಬೀಳಬಾರದು. ಮಿತಿ ಹೀಗಿದೆ: `RC ≤ √(1 − m²)/(m·2πfm)`. 4.5 ಕಿಲೋಹರ್ಟ್ಸ್ ದನಿ, `m = 0.8` ಇದ್ದರೆ ಸುಮಾರು 26 ಮೈಕ್ರೋಸೆಕೆಂಡ್. 10 ಕಿಲೋಓಮ್ ಜೊತೆ 2.2 ನ್ಯಾನೋಫ್ಯಾರಡ್ ಹಾಕಿದರೆ 22 ಮೈಕ್ರೋಸೆಕೆಂಡ್, ಸರಿ. ರಿಸೀವರ್‌ನಲ್ಲಿ ಡಿಟೆಕ್ಟರ್‌ಗೆ ಬರುವ ಕ್ಯಾರಿಯರ್ ಎಂದರೆ ಐಎಫ್, 455 ಕಿಲೋಹರ್ಟ್ಸ್. ಅದರ ಒಂದು ಸುತ್ತು 2.2 ಮೈಕ್ರೋಸೆಕೆಂಡ್, ಅದರ ಹತ್ತು ಪಟ್ಟು ಸಿಕ್ಕಿತು. 10 ನ್ಯಾನೋಫ್ಯಾರಡ್ ಹಾಕಿದರೆ ಕೆಪಾಸಿಟರ್ ಸಾಕಷ್ಟು ಬೇಗ ಖಾಲಿಯಾಗದು, ಇಳಿಜಾರಿನಲ್ಲಿ ಓರೆ ಗೆರೆ ಬಂದು ದನಿ ಕತ್ತರಿಸಿದಂತಾಗುತ್ತದೆ. ಪಟ್ಟಿ 2ರಲ್ಲಿ 0.25ರಿಂದ 0.75ರ ನಡುವಿನ ಇಳಿಜಾರನ್ನು ತೋರಿಸಿಯೇ ಇದನ್ನು ವಿವರಿಸಬಹುದು.

ಎಫ್‌ಎಂ ಚಿತ್ರ

ಇಲ್ಲಿ ಡೀವಿಯೇಷನ್ 10 ಕಿಲೋಹರ್ಟ್ಸ್. 0.25 ಮಿಲಿಸೆಕೆಂಡ್‌ನಲ್ಲಿ ಫ್ರೀಕ್ವೆನ್ಸಿ 30 ಕಿಲೋಹರ್ಟ್ಸ್‌ಗೆ ಏರುತ್ತದೆ, 0.75ರಲ್ಲಿ 10ಕ್ಕೆ ಇಳಿಯುತ್ತದೆ, 0.5ರಲ್ಲಿ ಸರಿಯಾಗಿ 20. ಎತ್ತರ ಉದ್ದಕ್ಕೂ 2 ವೋಲ್ಟ್. ಬಿಡಿಸಿದ ಮೇಲೆ ಸುತ್ತುಗಳನ್ನು ಎಣಿಸಿ ನೋಡಿ: ಮೊದಲ ಅರ್ಧದಲ್ಲಿ ಸುಮಾರು 13.2, ಎರಡನೆಯ ಅರ್ಧದಲ್ಲಿ ಸುಮಾರು 6.8, ಒಟ್ಟು 20 ಇರಬೇಕು. ಸಂದೇಶ ಎಷ್ಟು ಮೇಲೆ ಹೋಯಿತೋ ಅಷ್ಟೇ ಕೆಳಗೂ ಬಂದಿದೆ, ಆದ್ದರಿಂದ ಸರಾಸರಿ ಫ್ರೀಕ್ವೆನ್ಸಿ ಬದಲಾಗಿಲ್ಲ.

ಕಂಪ್ಯೂಟರ್‌ನಲ್ಲಿ ಬಿಡಿಸುವವರಿಗೆ ಇದು ಸಾಕು:

```python
import numpy as np
import matplotlib.pyplot as plt

t = np.linspace(0, 2e-3, 8000)
m = np.sin(2*np.pi*1e3*t)
am = 2*(1 + 0.5*m)*np.cos(2*np.pi*20e3*t)
phase = 2*np.pi*10e3*np.cumsum(m)*(t[1] - t[0])
fm = 2*np.cos(2*np.pi*20e3*t + phase)

fig, ax = plt.subplots(3, 1, sharex=True)
for a, y in zip(ax, (m, am, fm)):
    a.plot(t*1e3, y)
plt.show()
```

ಈ ಕೋಡ್‌ನಲ್ಲಿ `m` ಎಂದರೆ ಇಂಡೆಕ್ಸ್ ಅಲ್ಲ, ಸಂದೇಶದ ಅಲೆ; `fm` ಎಂದರೆ ಎಫ್‌ಎಂ ಅಲೆ. `cumsum` ಇರುವ ಸಾಲು ಬಹಳ ಮುಖ್ಯ. ಫ್ರೀಕ್ವೆನ್ಸಿ ಬದಲಾಗುತ್ತಿರುವಾಗ ಫೇಸ್ ಎಂದರೆ ಇಲ್ಲಿಯತನಕದ ಫ್ರೀಕ್ವೆನ್ಸಿಯ ಒಟ್ಟು ಕೂಡಿಕೆ. ಅದನ್ನು ಮರೆತು `cos(2π(fc + Δf·m)t)` ಎಂದು ಬರೆದರೆ ಸಮಯ ಕಳೆದಂತೆ ತಪ್ಪು ಬೆಳೆಯುತ್ತದೆ. 1 ಮಿಲಿಸೆಕೆಂಡ್‌ನಲ್ಲಿ 20 ಇರಬೇಕಾದ ಫ್ರೀಕ್ವೆನ್ಸಿ ಸುಮಾರು 83 ಕಿಲೋಹರ್ಟ್ಸ್ ಆಗಿರುತ್ತದೆ. ಸಂದೇಶದ ಎರಡೂ ಸುತ್ತಿನಲ್ಲಿ ಚಿತ್ರ ಒಂದೇ ರೀತಿ ಬರದಿದ್ದರೆ ಮೊದಲು ಈ ಸಾಲನ್ನೇ ಅನುಮಾನಿಸಿ.

ಮಿಕ್ಸಿ ಓಡಿದಾಗ ಏನಾಗುತ್ತದೆ

ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಮೋಟರ್‌ನ ಬ್ರಷ್ ಬಳಿ ಕಿಡಿ ಹಾರುತ್ತದೆ. ಆ ಕಿಡಿ ಅಲೆಯ ತುದಿಗೆ ಮುಳ್ಳಿನಂಥ ವೋಲ್ಟೇಜ್ ಸೇರಿಸುತ್ತದೆ. ಎಎಂನಲ್ಲಿ ಎತ್ತರವೇ ಮಾತು, ಹಾಗಾಗಿ ಮುಳ್ಳೂ ನೇರವಾಗಿ ಸ್ಪೀಕರ್‌ಗೆ ಬರುತ್ತದೆ. ಎಫ್‌ಎಂ ರಿಸೀವರ್‌ನಲ್ಲಿ ಲಿಮಿಟರ್ ಎಲ್ಲ ತುದಿಗಳನ್ನೂ ಒಂದೇ ಮಟ್ಟಕ್ಕೆ ಕತ್ತರಿಸಿಬಿಡುತ್ತದೆ, ಮಾತಿಗೆ ಏನೂ ನಷ್ಟವಿಲ್ಲ. ಆದರೆ ಎಫ್‌ಎಂಗೆ ಗದ್ದಲ ತಟ್ಟುವುದೇ ಇಲ್ಲ ಎಂದು ಬರೆಯಬೇಡಿ. ಗದ್ದಲ ಸೊನ್ನೆ ದಾಟುವ ಹೊತ್ತನ್ನೂ ಸ್ವಲ್ಪ ಅಲುಗಿಸುತ್ತದೆ. ಸಿಗ್ನಲ್ ಗಟ್ಟಿಯಾಗಿದ್ದು ಡೀವಿಯೇಷನ್ ದೊಡ್ಡದಿದ್ದಾಗ ಆ ಅಲುಗಾಟ ಲೆಕ್ಕಕ್ಕೆ ಬರುವುದಿಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಎಫ್‌ಎಂ ಮೆಲ್ಲಗೆ ಹದಗೆಡುವುದಿಲ್ಲ, ಒಮ್ಮೆಲೇ ಚಟಪಟ ಶುರುವಾಗುತ್ತದೆ.

ಈ ಅನುಕೂಲಕ್ಕೆ ತೆರುವ ಬೆಲೆ ಬ್ಯಾಂಡ್‌ವಿಡ್ತ್. ಎಎಂಗೆ `2fm`: 4.5 ಕಿಲೋಹರ್ಟ್ಸ್ ದನಿಗೆ 9 ಕಿಲೋಹರ್ಟ್ಸ್. ಎಫ್‌ಎಂಗೆ ಕಾರ್ಸನ್ ನಿಯಮ, `2(Δf + fm) = 2(75 + 15) = 180` ಕಿಲೋಹರ್ಟ್ಸ್, ಅದೂ ಮೋನೊಗೆ. ಮೀಡಿಯಂ ವೇವ್‌ನಲ್ಲಿ 531ರಿಂದ 1602 ಕಿಲೋಹರ್ಟ್ಸ್‌ವರೆಗೆ 9ರ ಅಂತರದಲ್ಲಿ 120 ಚಾನೆಲ್ ಹಿಡಿಯುತ್ತವೆ. ಅಲ್ಲಿ ಎಫ್‌ಎಂ ಹಾಕಿದ್ದರೆ ಐದಾರು ಸ್ಟೇಷನ್ನಿಗೇ ಜಾಗ ಮುಗಿಯುತ್ತಿತ್ತು. ಅದಕ್ಕೇ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್‌ನಲ್ಲಿದೆ.

ಬಹಳ ಜನ ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ಎಎಂ ದೂರ ಹೋಗುತ್ತದೆ, ಎಫ್‌ಎಂ ಹೋಗುವುದಿಲ್ಲ ಎಂಬ ಮಾತು ಎಲ್ಲ ಕಡೆ ಕೇಳುತ್ತೀರಿ. ದೂರವನ್ನು ತೀರ್ಮಾನಿಸುವುದು ಮಾಡ್ಯುಲೇಷನ್ ಅಲ್ಲ, ಕ್ಯಾರಿಯರ್ ಫ್ರೀಕ್ವೆನ್ಸಿ. 612 ಕಿಲೋಹರ್ಟ್ಸ್‌ನ ಅಲೆಯ ಉದ್ದ 490 ಮೀಟರ್, ಅದು ನೆಲಕ್ಕಂಟಿಕೊಂಡು ಸಾಗುತ್ತದೆ. ಹಗಲಲ್ಲಿ ಅಯಾನುಗೋಳದ ಡಿ ಪದರ ಆಕಾಶದ ಅಲೆಯನ್ನು ಹೀರುತ್ತದೆ, ರಾತ್ರಿ ಅದು ಕರಗಿದಾಗ ಮೇಲಿನ ಪದರದಿಂದ ಪ್ರತಿಫಲಿಸಿ ನೂರಾರು ಕಿಲೋಮೀಟರ್ ಆಚೆಯ ಸ್ಟೇಷನ್ನುಗಳು ಕೇಳುತ್ತವೆ. 101.3 ಮೆಗಾಹರ್ಟ್ಸ್‌ನ ಅಲೆ ಸುಮಾರು 3 ಮೀಟರ್, ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲಷ್ಟೇ ಹೋಗುತ್ತದೆ. ಘಾಟಿಯಲ್ಲಿ ಬಸ್ಸು ಗುಡ್ಡದ ಮರೆಗೆ ಸರಿದ ಕೂಡಲೇ ಹಾಡು ಮಾಯವಾಗುವುದು ಅದಕ್ಕೇ. ಪುರಾವೆ ಬೇಕಿದ್ದರೆ ವಿಮಾನಗಳ ರೇಡಿಯೊ ನೋಡಿ: ಎಫ್‌ಎಂ ಪಟ್ಟಿಗೆ ತೀರಾ ಹತ್ತಿರದ 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಅವರು ಇಂದಿಗೂ ಎಎಂನಲ್ಲೇ ಮಾತಾಡುತ್ತಾರೆ, ಅವರ ವ್ಯಾಪ್ತಿಯೂ ಕಣ್ಣಳತೆಯದೇ. ಎಫ್‌ಎಂನಲ್ಲಿ ಗಟ್ಟಿ ಸಿಗ್ನಲ್ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುತ್ತದೆ. ಎಎಂನಲ್ಲಿ ಇಬ್ಬರು ಪೈಲಟ್‌ಗಳು ಒಟ್ಟಿಗೆ ಮಾತಾಡಿದರೆ ಕೀರಲು ಶಬ್ದದ ಜೊತೆಗಾದರೂ ಇನ್ನೊಬ್ಬರು ಇದ್ದಾರೆಂದು ಗೊತ್ತಾಗುತ್ತದೆ. ಅಲ್ಲಿ ಇಂಪಿಗಿಂತ ಅದು ಮುಖ್ಯ.

ಮುಂದಿನ ತರಗತಿಗೆ ಪಟ್ಟಿ 1ರಲ್ಲಿ ಸೈನ್ ಬದಲು ಚೌಕ ಅಲೆ ಇಟ್ಟು, ಅದೇ ಅಳತೆಗಳಲ್ಲಿ ಪಟ್ಟಿ 2 ಮತ್ತು 3ನ್ನು ಕೈಯಲ್ಲೇ ಬಿಡಿಸಿ ತನ್ನಿ. ಎಎಂನಲ್ಲಿ 3 ಮತ್ತು 1 ವೋಲ್ಟ್‌ನ ಎರಡು ತುಂಡು, ಎಫ್‌ಎಂನಲ್ಲಿ ಮೊದಲ ಅರ್ಧಕ್ಕೆ 15 ಸುತ್ತು, ಎರಡನೆಯದಕ್ಕೆ 5 ಬರಬೇಕು. ತುಂಡುಗಳು ಸೇರುವ 0.5ರ ಬಳಿ ಎಫ್‌ಎಂ ಅಲೆ ತುಂಡಾಗದಂತೆ ನೋಡಿಕೊಳ್ಳಿ, ಫೇಸ್ ಜಿಗಿಯುವುದಿಲ್ಲ. ಸ್ಲೈಡ್ 15ರ ಎಫ್‌ಎಸ್‌ಕೆ ಆ ಚಿತ್ರದಿಂದಲೇ ಶುರುವಾಗುತ್ತದೆ.